ವೆಂಕಟೇಶ ಅಂದು ಮಂಡಿಗೆ ಬರಲಿಲ್ಲ

"ಮೇಡಂ, ಈ ಸುರೇಶ ಆಗಲೇ ಲೆಕ್ಕಪತ್ರ ವಿಭಾಗದಲ್ಲಿದ್ದನಲ್ಲ, ಅವನೇನಾ?"

ಹದಿನೇಳನೆಯ ಸ್ಲೈಡ್ ಪರದೆಯ ಮೇಲಿದ್ದಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಅಲ್ಲ, ಅವನಲ್ಲ. ಆರನೆಯ ಸ್ಲೈಡಿನ ಸುರೇಶ ಒಂದು ಕಂಪನಿಯ ನೌಕರ. ಹದಿನೇಳರ ಸುರೇಶ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇಟ್ಟವನು. ಹೆಸರು ಹೊಳೆಯದಿದ್ದಾಗ ಬೆರಳಿಗೆ ಬಂದದ್ದನ್ನು ಟೈಪ್ ಮಾಡಿದ್ದೆ, ಎರಡು ಸಲವೂ ಸುರೇಶನೇ ಬಂದಿದ್ದ. "ಇವನು ಬೇರೆ" ಎಂದು ಮುಂದೆ ಹೋದೆ. ಆ ಹುಡುಗಿ ಪುಸ್ತಕದ ಹಿಂದಿನ ಹಾಳೆ ತಿರುವಿ ಏನನ್ನೋ ಹೊಡೆದುಹಾಕಿದ್ದು ಕಾಣಿಸಿತು. ಅವಳು ಇಬ್ಬರನ್ನೂ ಸೇರಿಸಿ ಒಂದು ಕಥೆ ಕಟ್ಟಿಕೊಂಡಿದ್ದಳು. ತಪ್ಪು ನನ್ನದು.

ನಾನು ಕೋಲಾರದಲ್ಲಿ ಕಂಪ್ಯೂಟರ್ ವಿಜ್ಞಾನದ ಪಾಠ ಮಾಡುವವಳು. ಅಂದು ಅಲ್ಲಿನ ಒಂದು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ದತ್ತಸಂಚಯದ, ಅಂದರೆ ಡೇಟಾಬೇಸಿನ, ಬಗ್ಗೆ ತೊಂಬತ್ತು ನಿಮಿಷದ ಉಪನ್ಯಾಸವಿತ್ತು. ಒಂದೇ ದೊಡ್ಡ ಕೋಷ್ಟಕವನ್ನು ಎರಡಾಗಿ ಏಕೆ ಒಡೆಯಬೇಕು, ಒಡೆದದ್ದನ್ನು ಮತ್ತೆ ಹೇಗೆ ಜೋಡಿಸಬೇಕು, ಜೋಡಿಸಿದ ಮೇಲೆ ಮೊತ್ತಗಳನ್ನು ಹೇಗೆ ತೆಗೆಯಬೇಕು ಎನ್ನುವುದಿಷ್ಟೇ ವಿಷಯ. ಮನೆಗೆ ಬಂದು ಸ್ಲೈಡುಗಳನ್ನು ಎಣಿಸಿದೆ. ಒಡೆಯುವುದಕ್ಕೆ ನೌಕರರ ಪಟ್ಟಿ, ಜೋಡಿಸುವುದಕ್ಕೆ ಬ್ಯಾಂಕ್, ಮೊತ್ತಕ್ಕೆ ವಿದ್ಯಾರ್ಥಿಗಳ ಅಂಕಪಟ್ಟಿ, ಕೊನೆಗೆ ಗ್ರಂಥಾಲಯ: ನಾಲ್ಕು ಪ್ರಪಂಚಗಳು. ಪ್ರತಿಯೊಂದು ಬಂದಾಗಲೂ ಇದು ಯಾವ ಕೋಷ್ಟಕ, ಈ ಅಂಕಣದಲ್ಲಿ ಏನಿದೆ, ಇವರೆಲ್ಲ ಯಾರು ಎಂದು ಹೇಳಬೇಕಾಗಿತ್ತು. ಹಾಗೆ ಹೇಳುವುದರಲ್ಲೇ ಕಾಲು ಗಂಟೆಗೂ ಹೆಚ್ಚು ಸಮಯ ಕಳೆದಿತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ನಾನು ಒಡೆದ ಕೋಷ್ಟಕ ಒಂದು, ಜೋಡಿಸಿದ್ದು ಇನ್ನೊಂದು. ಒಡೆದದ್ದೇ ಮತ್ತೆ ಕೂಡಿಕೊಂಡಿತು ಎನ್ನುವುದು ಆ ಉಪನ್ಯಾಸದ ಜೀವಾಳ, ಅದನ್ನೇ ಯಾರೂ ನೋಡಲಿಲ್ಲ.

ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಎಳೆಯಬೇಕು ಎಂದು ಅಂದೇ ತೀರ್ಮಾನಿಸಿದೆ. ಯಾವ ಉದಾಹರಣೆ ಎನ್ನುವುದು ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ.

ಮೊದಲು ಹಳೆಯ ಪರಿಚಯದ ಒಂದು ಉದಾಹರಣೆಯ ಕಡೆಗೆ ಹೋದೆ. ಒರಾಕಲ್ ಎಂಬ ದತ್ತಸಂಚಯ ತಂತ್ರಾಂಶ ಕಲಿತವರೆಲ್ಲರಿಗೂ `EMP` ಮತ್ತು `DEPT` ಎಂಬ ಎರಡು ಕೋಷ್ಟಕಗಳು ಗೊತ್ತು. ಒಂದರಲ್ಲಿ 14 ನೌಕರರು, ಇನ್ನೊಂದರಲ್ಲಿ 4 ವಿಭಾಗಗಳು. ಓದುವ ದಿನಗಳಲ್ಲಿ ಇವನ್ನು ನೂರಾರು ಸಲ ಓಡಿಸಿದ್ದೇನೆ, ಆದರೆ ಬಳಸುವವಳ ಕಣ್ಣಿನಿಂದ ಮಾತ್ರ. ಈ ಸಲ ಕಟ್ಟಿದವರ ಕಣ್ಣಿನಿಂದ ನೋಡಿದೆ. ನಾಲ್ಕು ವಿಭಾಗಗಳಲ್ಲಿ 40ನೆಯದು `OPERATIONS`, ಅದರಲ್ಲಿ ಒಬ್ಬನೇ ಒಬ್ಬ ನೌಕರನೂ ಇಲ್ಲ. ನೌಕರರಲ್ಲಿ `KING` ಎಂಬವನ ಮೇಲಧಿಕಾರಿಯ ಜಾಗ ಖಾಲಿ. ಪೂರೈಕೆದಾರರು ಮತ್ತು ಬಿಡಿಭಾಗಗಳ ಇನ್ನೊಂದು ಪ್ರಸಿದ್ಧ ಉದಾಹರಣೆಯಲ್ಲೂ ಹೀಗೆಯೇ: ಐವರು ಪೂರೈಕೆದಾರರಲ್ಲಿ ಐದನೆಯವನು ಏನನ್ನೂ ಪೂರೈಸುವುದಿಲ್ಲ. ನೌಕರರಿಲ್ಲದ ವಿಭಾಗ ಇಲ್ಲದಿದ್ದರೆ ಜೊತೆ ಸಿಕ್ಕ ಸಾಲುಗಳನ್ನು ಮಾತ್ರ ತೋರಿಸುವ ಜೋಡಣೆಗೂ ಜೊತೆ ಸಿಗದವನ್ನೂ ಉಳಿಸಿಕೊಳ್ಳುವ ಜೋಡಣೆಗೂ ನಡುವಿನ ವ್ಯತ್ಯಾಸವನ್ನು ತೋರಿಸಲಾಗುವುದಿಲ್ಲ. ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಮುಂದೆ ಬರುವ ಪಾಠಕ್ಕಾಗಿ ಮೊದಲೇ ನೆಟ್ಟ ಬೀಜಗಳು ಇವು. ಅಷ್ಟು ವರ್ಷ ಅವುಗಳ ಮೇಲೆಯೇ ನಡೆದಾಡಿದ್ದೆ, ಕಂಡಿರಲಿಲ್ಲ.

ಆದರೂ ಆ ಕೋಷ್ಟಕಗಳನ್ನು ತೆಗೆದುಕೊಳ್ಳಲಿಲ್ಲ. ಅದರ ವಿಭಾಗಗಳು ನ್ಯೂಯಾರ್ಕ್, ಡಲ್ಲಾಸ್, ಶಿಕಾಗೊ, ಬಾಸ್ಟನ್‌ಗಳಲ್ಲಿವೆ. ನಮ್ಮ ಮಕ್ಕಳಿಗೆ ಆ ಊರುಗಳು ಗೊತ್ತಿಲ್ಲವೆಂದಲ್ಲ. ಅಲ್ಲಿನ ಉತ್ತರ ಸರಿಯೋ ತಪ್ಪೋ ಎಂದು ಅವರ ಮನಸ್ಸು ತಾನಾಗಿ ಅನುಮಾನಿಸುವುದಿಲ್ಲ. ಉದಾಹರಣೆಯನ್ನು ಆರಿಸುವಾಗ ನನಗೆ ಬೇಕಾಗಿದ್ದದ್ದು ಅದೇ: ತಪ್ಪು ಉತ್ತರ ಬಂದಾಗ ಕೂತವರಿಗೆ "ಇದು ಹೇಗೆ ಸಾಧ್ಯ?" ಅನ್ನಿಸಬೇಕು.

ಹಾಲಿನ ಡೇರಿಯನ್ನು ಯೋಚಿಸಿದೆ. ಎಲ್ಲರ ಮನೆಯಲ್ಲೂ ಹಸುವಿದೆ ಅಥವಾ ಇತ್ತು. ಆದರೆ ಜಿಡ್ಡಿನ ಅಂಶಕ್ಕೆ ತಕ್ಕಂತೆ ಬೆಲೆ ಬದಲಾಗುತ್ತದೆ, ಆ ಲೆಕ್ಕವೇ ಒಂದು ಪಾಠವಾಗಿಬಿಡುತ್ತದೆ. ಅಂಕಪಟ್ಟಿ ಎಲ್ಲರಿಗೂ ಗೊತ್ತು, ಆದರೆ ಕಡಿಮೆ ಅಂಕದ ಹೆಸರೇನಾದರೂ ಕೂತವರಲ್ಲಿ ಒಬ್ಬರದ್ದಾದರೆ ತರಗತಿ ಅಲ್ಲೇ ನಗೆಗಡಲು. ಕೊನೆಗೆ ಟೊಮೆಟೊ ಮಂಡಿಗೆ ಬಂದು ನಿಂತೆ. ಕೋಲಾರದಲ್ಲಿ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ರೈತ ಬಾಕ್ಸುಗಳನ್ನು ತರುತ್ತಾನೆ, ಹರಾಜಾಗುತ್ತದೆ, ಮಂಡಿಯವರು ಚೀಟಿ ಬರೆಯುತ್ತಾರೆ. ನಮ್ಮ ಭಾವ ಒಂದು ಮಂಡಿಯಲ್ಲಿ ಗುಮಾಸ್ತರು. ಅವರನ್ನು ಕೇಳಿದರೆ ಆಯಿತು.

ಭಾವನ ಮನೆಯ ಜಗುಲಿಯಲ್ಲಿ ಕೂತು ಒಂದು ಹಾಳೆಯ ಮೇಲೆ ಬರೆಯಲು ತೊಡಗಿದೆವು. ನಾನು ಮೊದಲ ಸ್ಲೈಡಿನಿಂದ ಆರಂಭಿಸಲಿಲ್ಲ. ಕೊನೆಯ ಸ್ಲೈಡಿನಲ್ಲಿ ಯಾವ ಪ್ರಶ್ನೆ ಇರಬೇಕು ಎಂದು ಮೊದಲು ಬರೆದೆ: "ನಮ್ಮ ಮಂಡಿಯ ರೈತರಲ್ಲಿ ಇಂದು ಯಾರಿಗೆ ಎಷ್ಟು ಹಣ ಸಂದಿದೆ, ಬಾರದವರನ್ನೂ ಸೇರಿಸಿ ಹೇಳಿ." ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪಟ್ಟಿಯಲ್ಲಿ ಏನೇನಿರಬೇಕು ಎಂದು ಹಿಂದಕ್ಕೆ ನಡೆದೆ. ಒಬ್ಬ ರೈತ ಎರಡು ಚೀಟಿ ಪಡೆದಿರಬೇಕು, ಇಲ್ಲದಿದ್ದರೆ ಮೊತ್ತ ಕೂಡುವುದಕ್ಕೆ ಅರ್ಥವಿಲ್ಲ. ಒಂದೇ ಹೆಸರಿನ ಇಬ್ಬರಿರಬೇಕು, ಇಲ್ಲದಿದ್ದರೆ ಹೆಸರಿದ್ದರೂ ಸಂಖ್ಯೆ ಏಕೆ ಬೇಕು ಎಂದು ಗೊತ್ತಾಗುವುದಿಲ್ಲ. ಒಬ್ಬರಿಗೆ ಒಂದೇ ಒಂದು ಚೀಟಿ ಇರಬೇಕು, ಅದನ್ನು ಅಳಿಸಿದರೆ ಆ ವ್ಯಕ್ತಿಯೇ ಪಟ್ಟಿಯಿಂದ ಮಾಯವಾಗಬೇಕು. ಒಬ್ಬರು ಬಂದೇ ಇರಬಾರದು.

"ಬಾರದವನ ಹೆಸರು ಚೀಟಿ ಪುಸ್ತಕದಲ್ಲಿ ಹೇಗೆ ಬರುತ್ತದೆಯಮ್ಮಾ?" ಎಂದರು ಭಾವ.

ನನ್ನ ಇಡೀ ಉಪನ್ಯಾಸದ ತಿರುವು ಆ ಒಂದು ಮಾತಿನಲ್ಲಿತ್ತು. ಬರುವುದಿಲ್ಲ. ಚೀಟಿಯಿಲ್ಲದೆ ಅವನಿಗೆ ಪುಸ್ತಕದಲ್ಲಿ ಜಾಗವಿಲ್ಲ. ಅದಕ್ಕೇ ರೈತರಿಗೊಂದು ಪ್ರತ್ಯೇಕ ಕೋಷ್ಟಕ ಬೇಕು, ಚೀಟಿಗಳ ಕೋಷ್ಟಕದಲ್ಲಿ ಹೆಸರು, ಊರಿನ ಬದಲು ರೈತನ ಸಂಖ್ಯೆ ಇದ್ದರೆ ಸಾಕು. ಅಂದರೆ ಈ ವ್ಯಕ್ತಿ ಮೊದಲ ಒಂಬತ್ತು ಸ್ಲೈಡುಗಳಲ್ಲಿ ಇರುವುದೇ ಇಲ್ಲ. ಕೋಷ್ಟಕ ಒಡೆದ ಹತ್ತನೆಯ ಸ್ಲೈಡಿನಲ್ಲಿ ಮೊದಲ ಸಲ ಹೆಸರಾಗಿ ಬರುತ್ತಾನೆ, ಜೋಡಿಸಿದಾಗ ಮತ್ತೆ ಕಾಣೆಯಾಗುತ್ತಾನೆ, ಕೊನೆಗೆ ಮರಳಿ ಬರುತ್ತಾನೆ. ಅವನಿಗೆ ವೆಂಕಟೇಶ ಎಂದು ಹೆಸರಿಟ್ಟೆವು, ಊರು ಬಂಗಾರಪೇಟೆ.

ಹೆಸರುಗಳೆಲ್ಲ ಕಲ್ಪಿತವೇ. ಕೊನೆಗೆ ಉಳಿದ ಪಟ್ಟಿ ಇದು:

| ಚೀಟಿ | ರೈತ | ಊರು | ಬಾಕ್ಸ್ | ಬಾಕ್ಸಿನ ಬೆಲೆ (ರೂ.) |
|---|---|---|---|---|
| 101 | ಮುನಿಯಪ್ಪ | ವೇಮಗಲ್ | 40 | 320 |
| 102 | ನಾಗರಾಜ | ಮುಳಬಾಗಿಲು | 25 | 280 |
| 103 | ಮುನಿಯಪ್ಪ | ವೇಮಗಲ್ | 10 | 200 |
| 104 | ಲಕ್ಷ್ಮಮ್ಮ | ಶ್ರೀನಿವಾಸಪುರ | 30 | 300 |
| 105 | ಮುನಿಯಪ್ಪ | ಮಾಲೂರು | 20 | 310 |
| 106 | ನಾಗರಾಜ | ಮುಳಬಾಗಿಲು | 15 | 240 |

ಇಷ್ಟು ಸಣ್ಣ ಪಟ್ಟಿಯಲ್ಲಿ ಏನು ಮಹಾ ಎನ್ನಿಸಬಹುದು. ಮೊದಲು ಇದು ಹೀಗಿರಲಿಲ್ಲ. ಚೀಟಿಗಳು ಐದೇ ಇದ್ದವು, ಅವುಗಳ ಸಂಖ್ಯೆ 1ರಿಂದ 5. ರೈತರೂ ವೆಂಕಟೇಶನನ್ನು ಸೇರಿಸಿ ಐವರು, ಅವರ ಸಂಖ್ಯೆಯೂ 1ರಿಂದ 5. ಮನೆಯಲ್ಲಿ ಒಂದು ಸಲ ಹೇಳಿ ನೋಡುವಾಗ, ಎರಡು ಕೋಷ್ಟಕಗಳನ್ನು ಜೋಡಿಸಿ ಐದು ಸಾಲು ತೋರಿಸಿದೆ. ಭಾವ ಕೇಳಿದರು: "ಐದು ಜನ ರೈತರಿದ್ದಾರೆ, ಅದಕ್ಕೆ ಐದು ಬಂತಲ್ಲವೇ?" ಅಲ್ಲ, ಐದು ಚೀಟಿಗಳಿದ್ದವು, ಅದಕ್ಕೆ ಐದು ಬಂತು. ಆದರೆ ನನ್ನ ಪಟ್ಟಿಯನ್ನು ನೋಡಿ ಈ ಎರಡು ಕಾರಣಗಳಲ್ಲಿ ಯಾವುದು ನಿಜವೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ತಪ್ಪು ತಿಳಿವಳಿಕೆಗೂ ಸರಿ ಉತ್ತರ ಬರುವಂತೆ ಕಟ್ಟಿದ್ದೆ. ಆರನೆಯ ಚೀಟಿ ಹುಟ್ಟಿದ್ದು ಅಲ್ಲಿ. ಈಗ ರೈತರು ಐದು, ಚೀಟಿ ಆರು. ಸಾಧಾರಣ ಜೋಡಣೆಗೆ 6 ಸಾಲು, ಬಾರದವರನ್ನೂ ಇಟ್ಟುಕೊಳ್ಳುವ ಜೋಡಣೆಗೆ 7, ಜೋಡಿಸುವ ನಿಯಮವನ್ನೇ ಮರೆತರೆ 30. ಪರದೆಯ ಮೇಲಿನ ಸಾಲುಗಳನ್ನು ಎಣಿಸಿದರೆ ಏನಾಯಿತೆಂದು ಗೊತ್ತಾಗುತ್ತದೆ.

ಚೀಟಿ ಸಂಖ್ಯೆಯನ್ನು 101ಕ್ಕೆ ಏರಿಸಿದ್ದೂ ಇದೇ ಕಾರಣಕ್ಕೆ. ಕಲಿಯುವವರು ಮಾಡುವ ಸಾಮಾನ್ಯ ತಪ್ಪು ಒಂದಿದೆ: ಚೀಟಿಯ ಸಂಖ್ಯೆಯನ್ನೇ ರೈತನ ಸಂಖ್ಯೆಗೆ ಹೊಂದಿಸಿಬಿಡುವುದು. ಎರಡೂ 1ರಿಂದ ಶುರುವಾದರೆ ಆ ತಪ್ಪಿಗೂ ನೀಟಾದ ಸಾಲುಗಳು ಬರುತ್ತವೆ, ಯಾರದೋ ಹಣ ಯಾರದೋ ಹೆಸರಿನ ಮುಂದೆ ನಿಂತಿರುತ್ತದೆ, ನೋಡುವವರಿಗೆ ತಿಳಿಯುವುದಿಲ್ಲ. 101 ಎಂಬ ರೈತ ಇಲ್ಲದಿರುವುದರಿಂದ ಈಗ ಆ ತಪ್ಪಿಗೆ ಒಂದು ಸಾಲೂ ಬರುವುದಿಲ್ಲ. ಖಾಲಿ ಉತ್ತರ ಬಂದರೆ ಯಾರಾದರೂ ಎಚ್ಚರವಾಗುತ್ತಾರೆ. ಮಾತಿನಲ್ಲೂ ಲಾಭವಾಯಿತು: "ಮೂರನೆಯದು" ಎಂದರೆ ರೈತ, "ನೂರಮೂರು" ಎಂದರೆ ಚೀಟಿ.

ಬೆಲೆಗಳ ಮೇಲೆ ಒಂದು ಇಡೀ ಸಂಜೆ ಕೂತೆ. ಆರು ಬೆಲೆಗಳನ್ನು ಕೂಡಿ ಆರರಿಂದ ಭಾಗಿಸಿದರೆ 275 ಬರುತ್ತದೆ. ಒಟ್ಟು ಹಣ 40,600 ರೂಪಾಯಿಯನ್ನು ಒಟ್ಟು 140 ಬಾಕ್ಸಿನಿಂದ ಭಾಗಿಸಿದರೆ 290. ಬಾಕ್ಸಿನ ಸರಾಸರಿ ಬೆಲೆ ಎಷ್ಟು ಎಂದರೆ ವಿದ್ಯಾರ್ಥಿಗಳು `AVG` ಬರೆದು 275 ತೆಗೆಯುತ್ತಾರೆ. ಮಂಡಿಯವರಿಗೆ ಬೇಕಾದದ್ದು 290. ಎರಡೂ ಪೂರ್ಣಾಂಕವಾಗಿ ಬರಬೇಕೆಂದು ನಾಗರಾಜನ ಎರಡನೆಯ ಚೀಟಿಯನ್ನು ಹಲವು ಸಲ ಬದಲಾಯಿಸಿ, ಕೊನೆಗೆ 15 ಬಾಕ್ಸ್, 240 ರೂಪಾಯಿಗೆ ನಿಲ್ಲಿಸಿದೆ. ದಶಮಾಂಶಗಳು ಬಂದರೆ ಕೇಳುವವರ ಕಣ್ಣು ಅವುಗಳ ಹಿಂದೆ ಹೋಗುತ್ತದೆ. ಎರಡು ದುಂಡು ಸಂಖ್ಯೆಗಳು ಎದುರುಬದುರು ನಿಂತಾಗ ಮಾತ್ರ "ಯಾಕೆ ಬೇರೆ ಬೇರೆ?" ಎನ್ನುವ ಪ್ರಶ್ನೆ ಏಳುತ್ತದೆ.

ಏನನ್ನು ಬಿಡಬೇಕು ಎನ್ನುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಭಾವನಿಗೆ ಮಂಡಿಯ ವಿಷಯ ಎಲ್ಲವೂ ಮುಖ್ಯ. ಕಮಿಷನ್ ಇಲ್ಲದ ಚೀಟಿ ಯಾವ ಸೀಮೆಯ ಚೀಟಿ ಎಂದರು. ನಿಜ. ಆದರೆ ಆ ಮಾತೆತ್ತಿದರೆ ಅರ್ಧ ತರಗತಿ ರೈತರ ಮಕ್ಕಳು, ಅದು ಪಾಠವಾಗುವುದಿಲ್ಲ, ಪಂಚಾಯಿತಿಯಾಗುತ್ತದೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ ಎರಡು ಸಾವಿರ ದಾಟಿದ್ದ ಬೆಲೆಯನ್ನು ಹಾಕು, ಹುಡುಗರು ಕಿವಿ ನೆಟ್ಟಗೆ ಮಾಡುತ್ತಾರೆ ಎಂದರು. ಮಾಡುತ್ತಾರೆ, ಬೆಲೆಯ ಬಗ್ಗೆ! ಆ ವರ್ಷ ಯಾರು ಕಾರು ತೆಗೆದುಕೊಂಡರು ಎನ್ನುವಲ್ಲಿಗೆ ಮಾತು ಹೋಗಿ ನಿಲ್ಲುತ್ತದೆ. ಸಪ್ಪೆ ಬೆಲೆಗಳನ್ನೇ ಇಟ್ಟೆ. ಕಿಲೋ ಲೆಕ್ಕವನ್ನೂ ಬಿಟ್ಟೆ. ಬಾಕ್ಸ್ ಎಂದರೆ ಬಾಕ್ಸ್, ಅಷ್ಟೇ. 103ರ ಬೆಲೆ ಇನ್ನೂರಕ್ಕೆ ಇಳಿದದ್ದೇಕೆ ಎಂದು ಯಾರಾದರೂ ಕೇಳಿದರೆ ಎರಡನೆಯ ದರ್ಜೆಯ ಹಣ್ಣು ಎಂದು ಬಾಯಲ್ಲಿ ಹೇಳುವುದು, ಸ್ಲೈಡಿನಲ್ಲಿ ಬರೆಯುವುದಿಲ್ಲ. ಕೇಳುವವರಿಗೆ ತುಂಬ ಹತ್ತಿರದ ಉದಾಹರಣೆ ತನ್ನ ಜಗಳಗಳನ್ನೂ ಜೊತೆಗೆ ತರುತ್ತದೆ, ಅವನ್ನು ಬಾಗಿಲಲ್ಲೇ ಇಳಿಸಬೇಕು.

ಒಂದು ಕಡೆ ನನ್ನ ಹಟ ನನಗೇ ಮುಳುವಾಗುತ್ತಿತ್ತು. ಒಂದು ಕೋಷ್ಟಕವನ್ನು ಅದಕ್ಕೇ ಜೋಡಿಸುವುದನ್ನೂ ಹೇಳಬೇಕೆಂದಿದ್ದೆ. ನೌಕರ ಮತ್ತು ಮೇಲಧಿಕಾರಿಯ ಉದಾಹರಣೆಗೆ ಅದು ಸಹಜ, ಮೇಲಧಿಕಾರಿಯೂ ನೌಕರನೇ. ಮಂಡಿಯಲ್ಲಿ ರೈತನ ಮೇಲೆ ರೈತ ಎಲ್ಲಿಂದ ಬರಬೇಕು? "ಮಂಡಿಗೆ ಪರಿಚಯಿಸಿದವರು" ಎಂಬ ಅಂಕಣ ಹುಟ್ಟಿಸಿ ನಾಗರಾಜನನ್ನು ಮುನಿಯಪ್ಪ ಕರೆತಂದ ಎಂದು ಬರೆದೆ. ಭಾವ ಜೋರಾಗಿ ನಕ್ಕರು. ಅಂಥದ್ದನ್ನು ಯಾವ ಮಂಡಿಯವನೂ ಬರೆದಿಡುವುದಿಲ್ಲವಂತೆ. ಅಂಕಣವನ್ನೂ ತೆಗೆದೆ, ಆ ವಿಷಯವನ್ನೂ ಉಪನ್ಯಾಸದಿಂದ ತೆಗೆದೆ. ಬೇರೆ ದಿನ, ಬೇರೆ ಉದಾಹರಣೆಯೊಂದಿಗೆ ಅದನ್ನು ಹೇಳಬಹುದು. ಎಳೆದು ಕೂರಿಸಿದ ಒಂದು ಅಂಕಣದಿಂದ ಉಳಿದ ಪಟ್ಟಿಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಆಮೇಲೆ ಸ್ಲೈಡುಗಳ ಕೆಲಸ. ಇಲ್ಲಿ ನಾನು ಮಾಡಿಕೊಂಡ ನಿಯಮಗಳು ಬಹಳ ಸರಳ. ರೈತರ ಕೋಷ್ಟಕ ಯಾವಾಗಲೂ ಎಡಕ್ಕೆ, ಹಸಿರು ತಲೆಪಟ್ಟಿ. ಚೀಟಿಗಳದ್ದು ಬಲಕ್ಕೆ, ಕೆಂಪು. ಸಾಲುಗಳ ಕ್ರಮ ಎಲ್ಲೂ ಬದಲಾಗುವುದಿಲ್ಲ. ಬದಲಾದರೆ ಅದೇ ಆ ಸ್ಲೈಡಿನ ಪಾಠವಾಗಿರಬೇಕು. ಆದೇಶಗಳಲ್ಲಿ ರೈತರಿಗೆ `f`, ಚೀಟಿಗೆ `s`, ಮೊದಲಿನಿಂದ ಕೊನೆಯವರೆಗೂ. ಹಳೆಯ ಸ್ಲೈಡುಗಳಲ್ಲಿ ಒಂದು ಕಡೆ `a, b`, ಇನ್ನೊಂದು ಕಡೆ `t1, t2` ಎಂದಿತ್ತು, ನೋಡಿ ನಾಚಿಕೆಯಾಯಿತು. ಮಾತಿಗೂ ಅದೇ ಕಟ್ಟುಪಾಡು: ಚೀಟಿಯನ್ನು ಒಂದು ಕಡೆ ಚೀಟಿ, ಇನ್ನೊಂದು ಕಡೆ ಬಿಲ್, ಮತ್ತೊಂದು ಕಡೆ ವಹಿವಾಟು ಎಂದರೆ ಕೇಳುವವರಿಗೆ ಮೂರು ವಸ್ತುಗಳಾಗುತ್ತವೆ.

ಇಷ್ಟೆಲ್ಲ ಮಾಡಿಯೂ ಎಡವಿದೆ. ಎರಡನೆಯ ಸಲ ಉಪನ್ಯಾಸವಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಮೊದಲರ್ಧ ಸರಾಗವಾಗಿ ಸಾಗಿತು. ಮುನಿಯಪ್ಪನ ಊರನ್ನು ಒಂದು ಸಾಲಿನಲ್ಲಿ ಮಾತ್ರ ತಿದ್ದಿದರೆ ಏನಾಗುತ್ತದೆ ಎಂದೆ, "103ರಲ್ಲಿ ಹಳೆಯದೇ ಉಳಿಯುತ್ತದೆ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಲಕ್ಷ್ಮಮ್ಮನ ಚೀಟಿ ಅಳಿಸಿದೆ, ಲಕ್ಷ್ಮಮ್ಮನೇ ಹೋದಳು. ಕೋಷ್ಟಕ ಒಡೆದೆ, ವೆಂಕಟೇಶ ಬಂದ. ಆಮೇಲೆ ಇಪ್ಪತ್ತನಾಲ್ಕನೆಯ ಸ್ಲೈಡ್: "ದಿನದ ಒಟ್ಟು ವಹಿವಾಟು 37,000 ರೂಪಾಯಿ."

ಒಬ್ಬ ಹುಡುಗ ಕೈಯೆತ್ತಿದ. ಅವನ ಪುಸ್ತಕದಲ್ಲಿ ಆರು ಗುಣಾಕಾರಗಳು ಒಂದರ ಕೆಳಗೊಂದು ಇದ್ದವು. "ಮೇಡಂ, ನನಗೆ 40,600 ಬರುತ್ತಿದೆ. ಎಲ್ಲಿ ತಪ್ಪಿದೆ ಗೊತ್ತಾಗುತ್ತಿಲ್ಲ."

ತಪ್ಪಿದ್ದು ನಾನು. 37,000 ಎನ್ನುವುದು ಐದು ಚೀಟಿಗಳ ಕಾಲದ ಮೊತ್ತ. ಆರನೆಯದನ್ನು ಸೇರಿಸಿದಾಗ ಪಟ್ಟಿ ಇರುವ ಸ್ಲೈಡುಗಳನ್ನೆಲ್ಲ ತಿದ್ದಿದ್ದೆ, ಪಟ್ಟಿಯಿಂದ ಹುಟ್ಟಿದ ಈ ಒಂದು ಸಂಖ್ಯೆ ಕಣ್ತಪ್ಪಿತ್ತು. ಕೈಯಾರೆ ಟೈಪ್ ಮಾಡಿದ ಉತ್ತರಕ್ಕೆ ತಾನು ಎಲ್ಲಿಂದ ಬಂದೆ ಎನ್ನುವ ನೆನಪಿರುವುದಿಲ್ಲ. ಇನ್ನೊಂದು ಮಾತು: ಆ ಹುಡುಗ ಕೂಡಿ ನೋಡಿದ್ದೇ ಉದಾಹರಣೆ ಅವನದ್ದಾಗಿದ್ದರಿಂದ. ಕೋಲಾರದ ಮೊದಲ ಉಪನ್ಯಾಸದಲ್ಲಿ ನನ್ನ ಸಂಖ್ಯೆಗಳನ್ನು ಯಾರೂ ಪರೀಕ್ಷಿಸಲಿಲ್ಲ, ಅಲ್ಲಿ ಎಷ್ಟು ತಪ್ಪುಗಳಿದ್ದವೋ ದೇವರೇ ಬಲ್ಲ. ಕೇಳುವವರು ಲೆಕ್ಕ ಹಾಕುವಷ್ಟು ಒಳಗೆ ಬಂದ ಮೇಲೆ ಒಂದು ತಪ್ಪಿಗೆ ಬೀಳುವ ಬೆಲೆಯೂ ಹೆಚ್ಚು. ಅವನು ತನ್ನನ್ನೇ ಅನುಮಾನಿಸಿಕೊಂಡು ಎಷ್ಟು ನಿಮಿಷ ಕೂತಿದ್ದನೋ, ಅಷ್ಟು ಹೊತ್ತು ನನ್ನ ಪಾಠ ಅವನಿಗೆ ಕೇಳಿಸಿರಲಾರದು.

ಈಗ ದತ್ತವೆಲ್ಲ `mandi.sql` ಎಂಬ ಒಂದೇ ಕಡತದಲ್ಲಿದೆ. ಸ್ಲೈಡಿನ ಪ್ರತಿ ಆದೇಶವನ್ನೂ ಅದರ ಮೇಲೆಯೇ ಓಡಿಸಿ, ಬಂದದ್ದನ್ನು ಹಾಗೆಯೇ ಅಂಟಿಸುತ್ತೇನೆ. ಪಟ್ಟಿಯಲ್ಲಿ ಒಂದು ಅಂಕಿ ಬದಲಾದರೂ ಎಲ್ಲವನ್ನೂ ಮತ್ತೆ ಓಡಿಸುವುದು. ಉಪನ್ಯಾಸದ ಹಿಂದಿನ ರಾತ್ರಿ ಸ್ಲೈಡುಗಳನ್ನು ಕೊನೆಯಿಂದ ಮೊದಲಿಗೆ ಓದುತ್ತೇನೆ, ಪ್ರತಿ ಸಂಖ್ಯೆಯನ್ನೂ ಪಟ್ಟಿಯವರೆಗೆ ಹಿಂದಕ್ಕೆ ನಡೆಸುತ್ತೇನೆ. ಮುಂದಿನಿಂದ ಓದಿದರೆ ಗೊತ್ತಿರುವ ಕಥೆ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ, ಅಂಕಿಗಳು ಕಾಣುವುದಿಲ್ಲ.

ಚಿಕ್ಕಬಳ್ಳಾಪುರಕ್ಕೆ ಮರಳುತ್ತೇನೆ. ಕ್ಷಮೆ ಕೇಳಿ, 40,600 ಎಂದು ಬೋರ್ಡಿನ ಮೂಲೆಯಲ್ಲಿ ಬರೆದು, ಸುತ್ತ ಗೆರೆ ಎಳೆದು ಮುಂದೆ ಹೋದೆ. ಆ ಸಂಖ್ಯೆ ಅಲ್ಲಿದ್ದದ್ದು ಐದು ನಿಮಿಷದಲ್ಲೇ ಉಪಯೋಗಕ್ಕೆ ಬಂತು. ಹೆಸರಿನ ಮೇಲೆ ಗುಂಪು ಮಾಡಿ ಮೊತ್ತ ತೆಗೆದಾಗ ಮೂರು ಸಾಲು ಬಂದವು: ಮುನಿಯಪ್ಪ 21,000, ನಾಗರಾಜ 10,600, ಲಕ್ಷ್ಮಮ್ಮ 9,000. ಸರಿಯಾಗಿದೆಯೇ ಎಂದೆ. ಕೂಡಿ ನೋಡಿದರು, 40,600, ಬೋರ್ಡಿನ ಸಂಖ್ಯೆಗೆ ತಾಳೆಯಾಯಿತು. ಸರಿ ಎಂದರು. ಒಬ್ಬಳು ಮಾತ್ರ ಅನುಮಾನದಿಂದ ಕೇಳಿದಳು, "ಮಾಲೂರಿನ ಮುನಿಯಪ್ಪನ ಹಣ ವೇಮಗಲ್ಲಿನವನಿಗೆ ಹೋಯಿತೇ ಮೇಡಂ?" ಹೌದು, 6,200 ರೂಪಾಯಿ. ಒಟ್ಟು ಮೊತ್ತ ತಾಳೆಯಾದರೂ ಒಳಗಿನ ಪಾಲು ತಪ್ಪಿರಬಹುದು ಎನ್ನುವುದನ್ನು ನಾನು ಹೇಳಬೇಕಾಗಲಿಲ್ಲ. ಎರಡನೆಯ ಸ್ಲೈಡಿನಿಂದ ಇಬ್ಬರು ಮುನಿಯಪ್ಪಂದಿರು ಅಲ್ಲೇ ಇದ್ದರು.

ಕೊನೆಗೆ ವೆಂಕಟೇಶನ ಸರದಿ. ಯಾರಿಗೆ ಎಷ್ಟು ಚೀಟಿ ಎಂದು ಎಣಿಸುವ ಆದೇಶ:

```sql
SELECT f.id, f.name, COUNT(*)
FROM farmer f
LEFT JOIN slip s ON s.farmer_id = f.id
GROUP BY f.id, f.name;
```

ಐದು ಸಾಲು ಬಂದವು. ವೆಂಕಟೇಶನ ಮುಂದೆ 1 ಎಂದಿತ್ತು. ಸಭೆ ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ನಾಲ್ಕೈದು ಜನ ಒಟ್ಟಿಗೆ, "ಅವನು ಬರಲೇ ಇಲ್ಲವಲ್ಲ!" ಎಂದರು. ನೌಕರರೂ ಬ್ಯಾಂಕೂ ಇದ್ದ ಉಪನ್ಯಾಸದಲ್ಲಿ ಇದೇ ಆದೇಶ, ಇದೇ ತಪ್ಪು ತೋರಿಸಿದ್ದೆ. ಅಲ್ಲಿ ಎಲ್ಲರೂ ಆ 1ನ್ನು ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಬಾರದವರನ್ನೂ ಇಟ್ಟುಕೊಳ್ಳುವ ಜೋಡಣೆ ವೆಂಕಟೇಶನಿಗಾಗಿ ಒಂದು ಸಾಲನ್ನು ಉಳಿಸುತ್ತದೆ, ಅದರ ಚೀಟಿಯ ಭಾಗ ಖಾಲಿ. `COUNT(*)` ಸಾಲನ್ನು ಎಣಿಸುತ್ತದೆ, ಖಾಲಿಯೋ ತುಂಬಿದೆಯೋ ನೋಡುವುದಿಲ್ಲ. `COUNT(s.no)` ಎಂದು ಚೀಟಿ ಸಂಖ್ಯೆಯನ್ನು ಹೆಸರಿಸಿದರೆ ಖಾಲಿಯನ್ನು ಬಿಟ್ಟು ಎಣಿಸುತ್ತದೆ, 0 ಬರುತ್ತದೆ. ಇದನ್ನು ವಿವರಿಸಲು ಎರಡು ನಿಮಿಷ ಸಾಕಾಯಿತು.

ಒಂದು ಅಳುಕು ಉಳಿದಿತ್ತು. ಮಂಡಿಯಲ್ಲಿ ಕಲಿತದ್ದು ಮಂಡಿಯಲ್ಲೇ ಉಳಿದುಬಿಟ್ಟರೆ? ಅದಕ್ಕೇ ಕೊನೆಯ ಹತ್ತು ನಿಮಿಷ ಬೇರೆ ಪ್ರಪಂಚದ ಒಂದು ಲೆಕ್ಕ ಕೊಟ್ಟೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಗೂಡು ತರುವ ಬೆಳೆಗಾರರು, ಕಿಲೋ ಲೆಕ್ಕದಲ್ಲಿ ಹರಾಜಾಗುವ ಲಾಟುಗಳು. ಈ ಸ್ಲೈಡಿನ ಹಿನ್ನೆಲೆಯ ಬಣ್ಣವನ್ನೇ ಬದಲಿಸಿ, ಇಲ್ಲಿಗೆ ಟೊಮೆಟೊ ಮುಗಿಯಿತು ಎಂದು ಬಾಯಲ್ಲೂ ಹೇಳಿದೆ. ಹೆಚ್ಚಿನವರು ಮಾಡಿದರು. ಕೆಲವರು ಲಾಟಿನ ತೂಕದ ಜಾಗದಲ್ಲಿ "ಬಾಕ್ಸ್" ಎಂದೇ ಬರೆದಿದ್ದರು, ಆದರೆ ಜೋಡಣೆ ಸರಿಯಿತ್ತು. ಅದನ್ನು ತಪ್ಪೆಂದು ಹಿಡಿಯಲಿಲ್ಲ.

ಈಗ ತುಮಕೂರಿನಿಂದ ಕರೆ ಬಂದಿದೆ. ಅಲ್ಲಿ ಟೊಮೆಟೊ ಬದಲು ತಿಪಟೂರಿನ ಕೊಬ್ಬರಿ ಇರಲಿ ಎನ್ನಿಸಿ, ಕಳೆದ ಭಾನುವಾರ ಸ್ಲೈಡುಗಳ ಪ್ರತಿ ತೆಗೆದು "ಟೊಮೆಟೊ" ಇರುವ ಕಡೆಯೆಲ್ಲ "ಕೊಬ್ಬರಿ" ಎಂದು ಒಂದೇ ಏಟಿಗೆ ಬದಲಿಸಿದೆ. ಭಾವನಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಹನ್ನೊಂದನೆಯ ಸ್ಲೈಡನ್ನು ಓದಿದರು: ಕೊಬ್ಬರಿ, 40 ಬಾಕ್ಸ್, ಬಾಕ್ಸಿಗೆ 320 ರೂಪಾಯಿ.

"ಕೊಬ್ಬರಿ ಕ್ವಿಂಟಲ್ ಲೆಕ್ಕದಲ್ಲಿ ಹೋಗುತ್ತದೆಯಮ್ಮಾ. ಇದನ್ನು ನೋಡಿದರೆ ತಿಪಟೂರಿನ ಹುಡುಗರು ನಿನ್ನನ್ನು ಮಾತಾಡಲು ಬಿಡುವುದಿಲ್ಲ."

ಕ್ವಿಂಟಲ್ ಬಂದರೆ ಬೆಲೆ ಬದಲಾಗಬೇಕು, ಬೆಲೆ ಬದಲಾದರೆ 275 ಮತ್ತು 290ರ ಜೋಡಿ ಹೋಗುತ್ತದೆ, ಊರುಗಳೂ ಬದಲಾಗಬೇಕು, ಇಬ್ಬರು ಮುನಿಯಪ್ಪಂದಿರಿಗೆ ಬೇರೆ ಹೆಸರು ಹುಡುಕಬೇಕು. ಬದಲಿಸುವುದಾದರೆ ಬುಡದಿಂದ ಬದಲಿಸಬೇಕು, ಅದಕ್ಕೆ ಎರಡು ವಾರವಾದರೂ ಬೇಕು. ಉಪನ್ಯಾಸ ಇರುವುದು ಈ ಶುಕ್ರವಾರ. ಆ ಪ್ರತಿಯನ್ನು ಅಳಿಸಿದೆ. ವೆಂಕಟೇಶ ಬಂಗಾರಪೇಟೆಯವನಾಗಿಯೇ ತುಮಕೂರಿಗೆ ಬರುತ್ತಾನೆ. ಕೋಲಾರದ ಮಂಡಿ ಹೇಗಿರುತ್ತದೆ ಎಂದು ಶುರುವಿನಲ್ಲಿ ಎರಡು ನಿಮಿಷ ಹೇಳಿದರಾಯಿತು.